ಸತ್ಯ ನುಡಿಯುವ ಅಭ್ಯಾಸ: ಕಥೆ ಮತ್ತು ಚರ್ಚೆ

ಪ್ರಾಥಮಿಕ ತರಗತಿಗಳಲ್ಲಿ ಸತ್ಯವಂತಿಕೆಯನ್ನು ಕಲಿಸಲು ಉಪಾಧ್ಯಾಯರು ಬಹುಕಾಲದಿಂದ ಎರಡು ಬಗೆಯ ಕಥೆಗಳನ್ನು ಬಳಸುತ್ತ ಬಂದಿದ್ದಾರೆ. ಸುಳ್ಳಾಡಿದವನು ಕೆಟ್ಟನೆಂದು ಹೇಳುವ ಕಥೆ ಒಂದು. ನಿಜ ನುಡಿದವನು ಮೆಚ್ಚುಗೆಗೆ ಪಾತ್ರನಾದನೆಂದು ಹೇಳುವ ಕಥೆ ಇನ್ನೊಂದು. ‘ತೋಳ ಬಂತು ತೋಳ’ ಎಂದು ಕೂಗಿ ಊರವರನ್ನು ವಂಚಿಸಿದ ಹುಡುಗನ ಕಥೆ ಮೊದಲನೆಯ ಬಗೆಗೆ ಸೇರಿದುದು. ಎರಡರ ಫಲವೂ ಒಂದೇ ಎಂಬುದು ಸಾಮಾನ್ಯ ನಂಬಿಕೆ. ಪರೀಕ್ಷಿಸಿ ನೋಡಿದಾಗ ಅದು ಹಾಗೆ ಕಂಡುಬಂದಿಲ್ಲ.

ಕಾಂಗ್ ಲೀ, ವಿಕ್ಟೋರಿಯಾ ತಲ್ವಾರ್ ಮತ್ತು ಅವರ ಸಹೋದ್ಯೋಗಿಗಳು 3ರಿಂದ 7 ವರ್ಷದ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಮಗುವಿನ ಬೆನ್ನ ಹಿಂದೆ ಆಟಿಕೆಯೊಂದನ್ನಿಟ್ಟು, ಅದರ ಸದ್ದಿನಿಂದಲೇ ಅದು ಏನೆಂದು ಊಹಿಸಬೇಕು, ತಿರುಗಿ ನೋಡಬಾರದು ಎಂದು ಹೇಳಿ ಹಿರಿಯರು ಸ್ವಲ್ಪ ಹೊತ್ತು ಹೊರಗೆ ಹೋಗುತ್ತಿದ್ದರು. ಅನೇಕ ಮಕ್ಕಳು ತಿರುಗಿ ನೋಡಿಯೇ ಬಿಟ್ಟರು. ಬಳಿಕ ಒಂದು ಕಥೆಯನ್ನು ಓದಿ ಹೇಳಿ, ‘ತಿರುಗಿ ನೋಡಿದೆಯಾ?’ ಎಂದು ಕೇಳಲಾಯಿತು. ತೋಳದ ಕಥೆಯನ್ನೂ, ಸುಳ್ಳಾಡಿದಾಗ ಮೂಗು ಬೆಳೆಯುವ ಪಿನೋಕಿಯೋ ಕಥೆಯನ್ನೂ ಕೇಳಿದ ಮಕ್ಕಳು, ಸತ್ಯಕ್ಕೆ ಸಂಬಂಧವೇ ಇಲ್ಲದ ಆಮೆ ಮೊಲಗಳ ಕಥೆ ಕೇಳಿದವರಿಗಿಂತ ಹೆಚ್ಚಾಗಿ ನಿಜವನ್ನು ಒಪ್ಪಿಕೊಳ್ಳಲಿಲ್ಲ. ಚೆರ್ರಿ ಗಿಡವನ್ನು ಕಡಿದುದನ್ನು ಒಪ್ಪಿಕೊಂಡು ತಂದೆಯ ಮೆಚ್ಚುಗೆ ಪಡೆದ ಬಾಲಕ ವಾಷಿಂಗ್ಟನ್ನನ ಕಥೆ ಕೇಳಿದವರು ಮಾತ್ರ ಹೆಚ್ಚಾಗಿ ಒಪ್ಪಿಕೊಂಡರು. ಅದೇ ಕಥೆಯನ್ನು ಬಾಲಕನು ಸುಳ್ಳಾಡಿ ಕೇಡಿಗೊಳಗಾಗುವಂತೆ ಬದಲಿಸಿದಾಗ ಆ ಗುಣವೂ ಉಳಿಯಲಿಲ್ಲ.

ಇದರ ಕಾರಣವನ್ನು ಹೀಗೆ ಊಹಿಸಬಹುದು. ತಪ್ಪು ಮಾಡಿದ ಮಗು ಆಗಲೇ ಅಂಜಿರುತ್ತದೆ. ಸುಳ್ಳಿಗೆ ಶಿಕ್ಷೆಯುಂಟೆಂಬ ಕಥೆ ಆ ಅಂಜಿಕೆಯನ್ನು ಬೆಳೆಸುತ್ತದೆಯೇ ಹೊರತು ನಿಜ ಹೇಳಿದ ಮೇಲೆ ಏನಾಗುವುದೆಂಬುದನ್ನು ತೋರಿಸುವುದಿಲ್ಲ. ಪಶ್ಚಿಮ ಆಫ್ರಿಕದ ಎರಡು ಶಾಲೆಗಳ ಎಳೆಯ ಮಕ್ಕಳನ್ನು ಹೋಲಿಸಿ ತಲ್ವಾರ್ ಮತ್ತು ಲೀ 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಪೋಷಕವಾಗಿದೆ: ಹೊಡೆತದ ಶಿಕ್ಷೆಯಿದ್ದ ಶಾಲೆಯ ಮಕ್ಕಳೇ ಹೆಚ್ಚಾಗಿಯೂ ಹೆಚ್ಚು ಜಾಣತನದಿಂದಲೂ ಸುಳ್ಳು ಹೇಳಿದರು.

ನಮ್ಮ ಮಕ್ಕಳಿಗೆ ಚೆರ್ರಿ ಗಿಡದ ಕಥೆಯೇ ಬೇಕೆಂದಿಲ್ಲ; ಪುಣ್ಯಕೋಟಿಯ ಕಥೆ ಅವರಿಗೆ ಹತ್ತಿರವಾದುದು. ಮೂರನೆಯ ತರಗತಿಯ 40 ನಿಮಿಷದ ಒಂದು ಅವಧಿಯನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ 15 ನಿಮಿಷ ಕಥೆಗೆ. ಹಸುವು ಕರುವಿಗೆ ಹಾಲೂಡಿಸಿದ ಘಟ್ಟದಲ್ಲಿ ಉಪಾಧ್ಯಾಯರು ಕಥೆಯನ್ನು ನಿಲ್ಲಿಸಿ, ‘ಅದು ದೊಡ್ಡಿಯಲ್ಲೇ ಉಳಿದಿದ್ದರೆ ಹುಲಿ ಅಲ್ಲಿಗೆ ಬರುತ್ತಿತ್ತೇ? ಮತ್ತೇಕೆ ಹೊರಟಿತು?’ ಎಂದು ಕೇಳಬೇಕು. ಹಿಡಿಯುವವರಿಲ್ಲದಿದ್ದರೂ ಮಾತು ಉಳಿಸಿಕೊಳ್ಳುವುದೇ ಈ ಕಥೆಯ ತಿರುಳು. ಅದು ಮಕ್ಕಳ ಬಾಯಿಂದಲೇ ಹೊರಡಬೇಕು.

ಆದರೆ ಪುಣ್ಯಕೋಟಿ ತಪ್ಪು ಮಾಡಿದವಳಲ್ಲ. ಕೊಟ್ಟ ಮಾತನ್ನು ನಡೆಸುವುದು ಬೇರೆ, ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದು ಬೇರೆ. ಆದುದರಿಂದ ಉಳಿದ ಹೊತ್ತಿನಲ್ಲಿ ಶಾಲೆಯದೇ ಆದ ಒಂದು ಚಿಕ್ಕ ಪ್ರಸಂಗವನ್ನು ಮುಂದಿಡಬೇಕು. ಓಡುವಾಗ ಬಸವ ಎಂಬ ಹುಡುಗನ ಕೈತಾಗಿ ನೀರಿನ ಮಡಕೆ ಒಡೆಯಿತು; ನೋಡಿದವರಿಲ್ಲ. ‘ಬಸವನಿಗೆ ಈಗ ಏನು ಭಯ? ಅವನು ಸುಮ್ಮನಿದ್ದರೆ ಯಾರ ಮೇಲೆ ಸಂದೇಹ ಬರುತ್ತದೆ? ಅವನು ಬಂದು ಹೇಳಿದರೆ ಗುರುಗಳು ಏನು ಹೇಳಬೇಕು?’ ಈ ಮೂರನ್ನು ಇದೇ ಕ್ರಮದಲ್ಲಿ ಕೇಳುವುದು ಒಳ್ಳೆಯದು. ‘ಬಸವನು ನಿಜ ಹೇಳಬೇಕೇ?’ ಎಂದು ಕೇಳಿದರೆ ಇಡೀ ತರಗತಿ ‘ಹೌದು ಸಾರ್’ ಎಂದು ಒಕ್ಕೊರಲಿನಿಂದ ಕೂಗುತ್ತದೆ. ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಆ ಒಕ್ಕೊರಲೇ ಪಾಠ ತಪ್ಪು ದಾರಿ ಹಿಡಿದ ಗುರುತು. ‘ನಾನಾದರೆ ಹೇಳುತ್ತಿರಲಿಲ್ಲ, ಅಪ್ಪ ಹೊಡೆಯುತ್ತಾರೆ’ ಎಂದು ಒಂದು ಮಗು ನುಡಿದರೆ, ಅದನ್ನು ಗದರಿಸದೆ ‘ಹಾಗಾದರೆ ಹೇಳಲು ಯಾರು ಸಹಾಯ ಮಾಡಬಹುದು?’ ಎಂದು ಕೇಳಬೇಕು. ನಡೆದ ತಪ್ಪೊಂದನ್ನು ಹಿಡಿದು, ಮಗುವಿನ ಹೆಸರೆತ್ತಿ ಚರ್ಚಿಸುವುದು ಸಲ್ಲದು; ಅದು ವಿಚಾರಣೆಯಾಗುತ್ತದೆ.

ಈ ಕ್ರಮಕ್ಕೆ ಮಿತಿಯೂ ಉಂಟು. 2014ರ ಅಧ್ಯಯನ ಅಳೆದುದು ಕಥೆ ಕೇಳಿದ ಕೂಡಲೆ ಬಂದ ಉತ್ತರವನ್ನು, ವರ್ಷಗಳ ನಡತೆಯನ್ನಲ್ಲ. ಪಾಠ ನಿಲ್ಲುವುದೂ ಬೀಳುವುದೂ ಮುಂದೊಂದು ದಿನ ಮಗುವೊಂದು ತಾನಾಗಿ ಬಂದು ‘ನಾನೇ ಒಡೆದೆ’ ಎಂದಾಗ. ಆಗ ಗುರುಗಳು ಮೊದಲು ‘ನಿಜ ಹೇಳಿದೆ, ಒಳ್ಳೆಯದಾಯಿತು’ ಎಂದು, ಅನಂತರ ಚೂರುಗಳನ್ನು ಜೊತೆಯಲ್ಲಿ ಎತ್ತಿಹಾಕಿಸಬೇಕು. ತಪ್ಪನ್ನು ಸರಿಪಡಿಸುವ ಹೊಣೆ ಮಗುವಿನ ಮೇಲೆ ಉಳಿಯುತ್ತದೆ. ಆದರೆ ನಿಜ ನುಡಿದುದಕ್ಕೆ ದಂಡ ತೆತ್ತೆನೆಂಬ ಭಾವನೆ ಉಳಿಯುವುದಿಲ್ಲ. ಅಂದು ಬೆತ್ತ ಮೇಲೆದ್ದರೆ, ಉಳಿದ ಮಕ್ಕಳು ಪುಣ್ಯಕೋಟಿಯ ಕಥೆಯನ್ನಲ್ಲ, ಆ ಬೆತ್ತವನ್ನೇ ನೆನಪಿಡುತ್ತಾರೆ.