ಹದಿನೈದು ಸೆಕೆಂಡಿನ ಲೀಸ್

ಬಿಲ್ ಕಟ್ಟುವ ಗಡುವು ಮೀರಿದವರನ್ನು ಹುಡುಕಿ ರಾತ್ರಿ ಹತ್ತಕ್ಕೆ ಎಸ್‌ಎಂಎಸ್ ಕಳಿಸುವ ಒಂದು ತಪಾಸಣೆ ಇದೆ ಎಂದುಕೊಳ್ಳಿ. ಅದನ್ನು ಒಂದೇ ಯಂತ್ರಕ್ಕೆ ವಹಿಸಿದರೆ, ಆ ಯಂತ್ರ ಕೆಟ್ಟ ರಾತ್ರಿ ಯಾರಿಗೂ ಸಂದೇಶ ಹೋಗುವುದಿಲ್ಲ. ಮೂರು ಯಂತ್ರಗಳಿಗೆ ವಹಿಸಿದರೆ ಒಬ್ಬೊಬ್ಬರಿಗೂ ಮೂರು ಮೂರು ಸಂದೇಶ. ಹಾಗಾಗಿ ಮೂರೂ ಸಿದ್ಧವಾಗಿರಬೇಕು, ಕೆಲಸವನ್ನು ಮಾತ್ರ ಒಂದೇ ಮಾಡಬೇಕು.

ಗೂಗಲ್ 2014ರಲ್ಲಿ ಹೊರತಂದ ಕುಬರ್ನೆಟಿಸ್ ಎಂಬ ತಂತ್ರಾಂಶದಲ್ಲಿ ಇದಕ್ಕೆ ಬಳಸುವುದು ‘ಲೀಸ್’. ಮನೆಯ ಲೀಸಿನಂತೆ ಇದಕ್ಕೂ ಅವಧಿ ಉಂಟು. ಮುಗಿಯುವ ಮೊದಲೇ ನವೀಕರಿಸಿಕೊಳ್ಳಬೇಕು. ಎಲ್ಲ ಯಂತ್ರಗಳೂ ನೋಡಬಲ್ಲ ಒಂದು ದಾಖಲೆಯಲ್ಲಿ ಈಗಿನ ನಾಯಕನ ಹೆಸರು ಮತ್ತು ಕೊನೆಯ ನವೀಕರಣದ ಹೊತ್ತು ಇರುತ್ತದೆ. ಸಾಮಾನ್ಯವಾಗಿ ಅವಧಿ 15 ಸೆಕೆಂಡು. ನಾಯಕ ಪ್ರತಿ 2 ಸೆಕೆಂಡಿಗೊಮ್ಮೆ ನವೀಕರಿಸುತ್ತಾನೆ. 10 ಸೆಕೆಂಡು ಪ್ರಯತ್ನಿಸಿಯೂ ಆಗದಿದ್ದರೆ ತಾನಾಗಿಯೇ ಕೆಲಸ ಬಿಡುತ್ತಾನೆ.

‘ಅ’ ಯಂತ್ರ ನಾಯಕ. ಅದರ ಕರೆಂಟು ಹೋಯಿತು ಎನ್ನಿ. ‘ಬ’ ಮತ್ತು ‘ಕ’ ಯಂತ್ರಗಳು ದಾಖಲೆ ಬದಲಾಗದೆ 15 ಸೆಕೆಂಡು ಕಳೆದದ್ದನ್ನು ತಮ್ಮ ತಮ್ಮ ಗಡಿಯಾರದಲ್ಲೇ ಎಣಿಸಿ, ಒಟ್ಟಿಗೇ ಹೆಸರು ಬರೆಯಲು ಹೊರಡುತ್ತವೆ. ದಾಖಲೆಗೆ ಒಂದು ಆವೃತ್ತಿ ಸಂಖ್ಯೆ ಇದೆ. ಇಬ್ಬರೂ ಓದಿದ್ದು ಒಂದೇ ಸಂಖ್ಯೆಯನ್ನು. ಮೊದಲು ತಲುಪಿದ ‘ಬ’ ಬರೆದೊಡನೆ ಆ ಸಂಖ್ಯೆ ಬದಲಾಗುತ್ತದೆ. ಹಳೆಯ ಸಂಖ್ಯೆ ಹಿಡಿದು ಬಂದ ‘ಕ’ ತಿರಸ್ಕೃತವಾಗಿ ಮತ್ತೆ ಕಾಯುತ್ತದೆ. ಈಗ ನಾಯಕ ಯಾರೆಂದು ನೋಡಲು ಒಂದು ಸಾಲು ಸಾಕು:

```
kubectl get lease bill-check
```

ನಿಜವಾದ ತೊಡಕು ಇರುವುದು ಸಾಯುವ ಯಂತ್ರದಲ್ಲಲ್ಲ, ಹೆಪ್ಪುಗಟ್ಟಿ ಮತ್ತೆ ಎಚ್ಚರಗೊಳ್ಳುವ ಯಂತ್ರದಲ್ಲಿ. ‘ಅ’ ಅರ್ಧ ಪಟ್ಟಿಗೆ ಸಂದೇಶ ಕಳಿಸಿ 10:00:05ಕ್ಕೆ ಸ್ತಬ್ಧವಾಯಿತು. 10:00:20ರ ಹೊತ್ತಿಗೆ ‘ಬ’ ನಾಯಕನಾಗಿ ಪಟ್ಟಿಯನ್ನು ಮೊದಲಿನಿಂದ ಹಿಡಿಯಿತು. 10:00:30ಕ್ಕೆ ‘ಅ’ ಕಣ್ಣುಬಿಟ್ಟರೆ, ನಡುವೆ 25 ಸೆಕೆಂಡು ಕಳೆದದ್ದು ಅದಕ್ಕೆ ತಕ್ಷಣ ತಿಳಿಯದು. ಕೈಯಲ್ಲಿದ್ದ ಮುಂದಿನ ಸಂದೇಶವನ್ನು ಕಳಿಸಿಯೇಬಿಡುತ್ತದೆ. ನಿಂತ ಯಂತ್ರಕ್ಕೆ ಗಡಿಯಾರ ನೋಡುವುದೂ ಆಗದ ಕಾರಣ, ಆ ಹತ್ತು ಸೆಕೆಂಡಿನ ಕಟ್ಟುಪಾಡು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಆದ್ದರಿಂದ ಲೀಸಿನ ಜೊತೆಗೆ ಇನ್ನೊಂದು ಬೇಲಿ ಬೇಕು. ಪ್ರತಿ ಸಂದೇಶಕ್ಕೆ ಮೊದಲು ‘ಈ ಬಿಲ್, ಈ ದಿನಾಂಕ’ ಎಂಬ ಸಾಲನ್ನು ಡೇಟಾಬೇಸಿನಲ್ಲಿ ಬರೆಯಬೇಕು. ಅದೇ ಸಾಲು ಎರಡನೇ ಬಾರಿ ಬಂದರೆ ಡೇಟಾಬೇಸು ಒಪ್ಪಬಾರದು. ಆಗ ಇಬ್ಬರು ನಾಯಕರಿದ್ದರೂ ಒಂದು ಬಿಲ್ಲಿಗೆ ಒಂದಕ್ಕಿಂತ ಹೆಚ್ಚು ಸಂದೇಶ ಹೋಗದು.

ಇದಕ್ಕೂ ಒಂದು ಮಿತಿ ಇದೆ. ಸಾಲು ಬರೆದು ಸಂದೇಶ ಕಳಿಸುವ ಮುನ್ನ ಯಂತ್ರ ಸತ್ತರೆ, ಆ ಒಬ್ಬರಿಗೆ ಸಂದೇಶ ತಪ್ಪುತ್ತದೆ. ಕಳಿಸಿದ ಮೇಲೆ ಬರೆದರೆ ಕೆಲವರಿಗೆ ಎರಡು ಹೋಗಬಹುದು. ಎರಡು ಸಂದೇಶ ಬಂದರೆ ಗ್ರಾಹಕನಿಗೆ ಕಿರಿಕಿರಿ. ಒಂದೂ ಬರದಿದ್ದರೆ ದಂಡ. ಯಾವುದನ್ನು ತಾಳಿಕೊಳ್ಳಬಹುದು ಎಂಬುದನ್ನು ಲೀಸ್ ಹೇಳಲಾರದು, ಅದನ್ನು ಬಿಲ್ಲಿನ ವ್ಯವಹಾರ ಬಲ್ಲವರೇ ಮೊದಲು ತೀರ್ಮಾನಿಸಿಕೊಳ್ಳಬೇಕು.