ಕಿವಿಗೆ ಪುಟ ತಿರುಗಿಸಲು ಬರುವುದಿಲ್ಲ

ವೃತ್ತಿಪರರು ಕೂಡುವ ಸಭೆಗಳಲ್ಲಿ ಅರ್ಧ ನಿಮಿಷದ ಸ್ವಪರಿಚಯ ಕೇಳಿದವರು ಹೆಸರನ್ನು ಬೇಗ ಮರೆಯುತ್ತಾರೆ. ಇದು ಉದಾಸೀನವಲ್ಲ, ನೆನಪಿನ ಸ್ವಭಾವ. 1987ರಲ್ಲಿ ಮೆಕ್‌ವೀನಿ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಅಪರಿಚಿತ ಮುಖಗಳನ್ನು ತೋರಿಸಿ, ಪ್ರತಿಯೊಂದರ ಹೆಸರನ್ನೂ ವೃತ್ತಿಯನ್ನೂ ಕಲಿಸಿದರು. ‘ಬೇಕರ್’ನಂಥ ಪದ ವೃತ್ತಿಯಾಗಿ ಬಂದಾಗ ಸುಲಭವಾಗಿ ನೆನಪಾಯಿತು, ಅದೇ ಪದ ಹೆಸರಾಗಿ ಬಂದಾಗ ಕಷ್ಟವಾಯಿತು. ನಮ್ಮಲ್ಲೂ ಒಬ್ಬರು ‘ಬಡಿಗೇರ’ ಎಂಬ ಅಡ್ಡಹೆಸರಿನವರು ಎಂದರೆ ಅದು ಬರೀ ಸದ್ದು. ಬಡಿಗ ಎಂದರೆ ಉಳಿ, ಮರ, ಬಾಗಿಲು ಎಲ್ಲವೂ ಕಣ್ಣ ಮುಂದೆ ಬರುತ್ತವೆ. ಹಾಗಾಗಿ ಮೊದಲು ಕೆಲಸದ ಚಿತ್ರ ಕೊಟ್ಟು, ಆಮೇಲೆ ಹೆಸರನ್ನು ಅದಕ್ಕೆ ತಗುಲಿಸುವುದು ಮೇಲು ಎಂಬುದು ನನ್ನ ವಾದ. ಪ್ರಯೋಗ ಈ ಅನುಕ್ರಮವನ್ನು ಪರೀಕ್ಷಿಸಿರಲಿಲ್ಲ. ಆದರೆ ಅದರ ಫಲಿತಾಂಶ ಇತ್ತಲೇ ಕೈ ತೋರಿಸುತ್ತದೆ.

ಇನ್ನೊಂದು ತೊಡಕು ಕನ್ನಡದ ವಾಕ್ಯದಲ್ಲೇ ಇದೆ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಬಂದದ್ದನ್ನೆಲ್ಲ ಕೇಳುಗ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಹೀಗೆ ಏಕಕಾಲಕ್ಕೆ ಹಿಡಿದಿಡಬಹುದಾದದ್ದು ಸುಮಾರು ನಾಲ್ಕು ಅಂಶಗಳು ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಮಣ್ಣು ಪರೀಕ್ಷೆಯ ಲ್ಯಾಬ್ ನಡೆಸುವ ಒಬ್ಬ ಹೆಣ್ಣುಮಗಳು ಹೀಗೆ ಹೇಳಿದಳು ಅನ್ನಿ: “ತುಮಕೂರು ಜಿಲ್ಲೆಯಲ್ಲಿ ಎಂಟು ವರ್ಷಗಳಿಂದ ರೈತರಿಗೆ ಮಣ್ಣಿನ ಆರೋಗ್ಯದ ಕುರಿತು ವೈಜ್ಞಾನಿಕ ಸಲಹೆ ಒದಗಿಸುತ್ತಿರುವ ಸಂಸ್ಥೆಯೊಂದರ ಸಂಸ್ಥಾಪಕಿಯಾಗಿ ಕಾರ್ಯನಿರ್ವಹಿಸುತ್ತಿದ್ದೇನೆ.” ಊರು, ಕಾಲ, ರೈತ, ಮಣ್ಣು, ಸಲಹೆ, ಸಂಸ್ಥೆ, ಹುದ್ದೆ ಎಂದು ಏಳು ಅಂಶಗಳಾದ ಮೇಲೆ ಕ್ರಿಯಾಪದ ಬಂತು. ಅದೂ ಒಂಬತ್ತು ಅಕ್ಷರದ್ದು. ಓದುವ ಕಣ್ಣು ಹಿಂದಕ್ಕೆ ಹೋಗಿ ನೋಡಬಲ್ಲದು, ಕಿವಿಗೆ ಆ ಸೌಲಭ್ಯವಿಲ್ಲ.

ಅದನ್ನೇ ಆಡುಮಾತಿಗೆ ತಂದರೆ ಹೀಗಾಗುತ್ತದೆ: “ನಮಸ್ಕಾರ. ರೈತರು ಹೊಲದ ಮಣ್ಣು ತಂದು ಕೊಡ್ತಾರೆ. ನಾವು ಪರೀಕ್ಷೆ ಮಾಡಿ, ಯಾವ ಗೊಬ್ಬರ ಎಷ್ಟು ಹಾಕ್ಬೇಕು ಅಂತ ಹೇಳ್ತೀವಿ. ಲ್ಯಾಬ್ ತುಮಕೂರಲ್ಲಿದೆ. ನನ್ನ ಹೆಸರು ಸವಿತಾ. ರೈತ ಸಂಘದವರು ಯಾರಾದ್ರೂ ಸಿಕ್ತಾರಾ ಅಂತ ಬಂದಿದೀನಿ.” ಪ್ರತಿ ವಾಕ್ಯದ ಹೊರೆ ಬೇಗ ಇಳಿಯುತ್ತದೆ. ಕೊನೆಯ ಮಾತು ಕೇಳಿದವರಿಗೆ ಏನು ಉತ್ತರಿಸಬೇಕೆಂದೂ ತಿಳಿಯುತ್ತದೆ.

ಹಿರಿಯರ ಮುಂದೆ ‘ಹೇಳ್ತೀವಿ’ ಅಂದರೆ ಗೌರವ ಕಡಿಮೆಯಾಗದೇ ಎಂಬ ಆಕ್ಷೇಪ ಬರಬಹುದು. ಕನ್ನಡದಲ್ಲಿ ಗೌರವ ಇರುವುದು ‘ನೀವು’, ‘ಅವರು’ಗಳಲ್ಲಿ, ‘ನಮಸ್ಕಾರ’ದಲ್ಲಿ. ಕ್ರಿಯಾಪದದ ಉದ್ದದಲ್ಲಿ ಅಲ್ಲ. ಹೆಸರು ತಡವಾಗಿ ಬಂದರೆ ಒರಟೆನಿಸುವ ಕಡೆ ಅದನ್ನು ಮೊದಲೂ ಹೇಳಿ, ಕೊನೆಗೆ ಮತ್ತೊಮ್ಮೆ ಹೇಳಿದರಾಯಿತು. ಬರೆದು ಕಲಿತದ್ದು ಒಪ್ಪಿಸಿದಂತೆ ಕೇಳುತ್ತದೆ ಎಂಬುದು ಇನ್ನೊಂದು ಆಕ್ಷೇಪ, ಮತ್ತು ಅದು ನಿಜ. ಆದ್ದರಿಂದ ಬಾಯಿಪಾಠ ಮಾಡಬೇಕಾದ್ದು ಪದಗಳನ್ನಲ್ಲ; ಕೆಲಸ, ಹೆಸರು, ಬಂದ ಕಾರಣ ಎಂಬ ಅನುಕ್ರಮವನ್ನು. ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿ: ವಾಕ್ಯದ ನಡುವೆ ಉಸಿರು ಸಾಲದೆ ನಿಂತ ಜಾಗವೇ ಆ ವಾಕ್ಯವನ್ನು ಮುರಿಯಬೇಕಾದ ಜಾಗ.