ಗ್ಯಾಪ್ ತುಂಬಿತು, ಜೇಬು ತುಂಬಿತೇ?

ಷೇರುಪೇಟೆಯ ಪಾಠ ಹೇಳುವ ಯೂಟ್ಯೂಬ್ ಚಾನೆಲ್‌ಗಳಲ್ಲಿ ಈಗ 'ಸ್ಮಾರ್ಟ್ ಮನಿ'ಯದೇ ಮಾತು. ದೊಡ್ಡ ಬ್ಯಾಂಕುಗಳೂ ಫಂಡುಗಳೂ ಕೊಳ್ಳುವಾಗ ಚಾರ್ಟಿನ ಮೇಲೆ ಗುರುತು ಬಿಟ್ಟು ಹೋಗುತ್ತವೆ, ಅದನ್ನು ಓದಲು ಕಲಿತವರು ಅವರ ಜೊತೆಗೇ ಲಾಭ ಮಾಡಬಹುದು ಎಂಬುದು ಇದರ ತಿರುಳು. ಅಮೆರಿಕದ ಮೈಕೆಲ್ ಹಡಲ್‌ಸ್ಟನ್ 'ಇನ್ನರ್ ಸರ್ಕಲ್ ಟ್ರೇಡರ್' ಎಂಬ ಹೆಸರಿನಲ್ಲಿ ಹೇಳಿಕೊಟ್ಟ ಪಾಠಗಳಿಂದ ಹರಡಿದ ಈ ವಿಧಾನ ಈಗ ನಿಫ್ಟಿಗೂ ಬಂದಿದೆ.

ಇದರಲ್ಲಿ ಎರಡು ಗುರುತುಗಳು ಮುಖ್ಯ. ಐದು ನಿಮಿಷದ ಚಾರ್ಟೊಂದನ್ನು ಊಹಿಸಿಕೊಳ್ಳಿ. ನಿಫ್ಟಿ ಇಳಿಯುತ್ತಾ ಬಂದು ಒಂದು ಕೆಂಪು ಕ್ಯಾಂಡಲ್ 23,995ರಿಂದ 24,020ರ ನಡುವೆ ಮುಗಿಯಿತು. ಮುಂದಿನ ಹಸಿರು ಕ್ಯಾಂಡಲ್‌ನ ಗರಿಷ್ಠ 24,030. ಅದರ ನಂತರದ್ದು ಒಂದೇ ಏಟಿಗೆ 24,100ಕ್ಕೆ ಜಿಗಿಯಿತು. ಮೂರನೆಯ ಹಸಿರು ಕ್ಯಾಂಡಲ್ 24,060ಕ್ಕಿಂತ ಕೆಳಗೆ ಬರಲೇ ಇಲ್ಲ. ಮೊದಲನೆಯದರ ನೆತ್ತಿಗೂ ಮೂರನೆಯದರ ತಳಕ್ಕೂ ನಡುವೆ ಉಳಿದ 30 ಪಾಯಿಂಟಿನ ಜಾಗವೇ ಫೇರ್ ವ್ಯಾಲ್ಯೂ ಗ್ಯಾಪ್. ಜಿಗಿತಕ್ಕೆ ಮುಂಚಿನ ಆ ಕೊನೆಯ ಕೆಂಪು ಕ್ಯಾಂಡಲ್ ಆರ್ಡರ್ ಬ್ಲಾಕ್. ಬೆಲೆ ಗ್ಯಾಪ್ ತುಂಬಲು ವಾಪಸ್ ಬರುತ್ತದೆ, ಆರ್ಡರ್ ಬ್ಲಾಕ್‌ನಲ್ಲಿ ದೊಡ್ಡವರ ಬಾಕಿ ಆರ್ಡರುಗಳು ಕಾದಿರುತ್ತವೆ, ಅಲ್ಲಿಂದ ಮತ್ತೆ ಏರುತ್ತದೆ ಎನ್ನುವುದು ನಂಬಿಕೆ.

ಬಾಕಿ ಆರ್ಡರಿನ ಮಾತು ನಿಲ್ಲುವುದು ಕಷ್ಟ. ನಮ್ಮ ವಿನಿಮಯ ಕೇಂದ್ರಗಳಲ್ಲಿ ಸಾಮಾನ್ಯ ಆರ್ಡರು ಸಂಜೆಗೆ ರದ್ದಾಗುತ್ತದೆ. ಮೊನ್ನೆಯ ಕ್ಯಾಂಡಲ್‌ನಲ್ಲಿ ಅದು ಕೂತು ಕಾಯುವುದಿಲ್ಲ. ದೊಡ್ಡ ಫಂಡುಗಳು ಖರೀದಿಯನ್ನು ಚೂರು ಚೂರು ಮಾಡಿ ದಿನವಿಡೀ ಹರಡುವುದೇ ಗುರುತು ಸಿಗದಿರಲಿ ಎಂದು. ಆ ಕೆಂಪು ಕ್ಯಾಂಡಲ್‌ನಲ್ಲಿ ಕೊಂಡವರು ಯಾರು ಎಂಬುದು ಚಾರ್ಟಿನಲ್ಲಿ ಬರೆದಿರುವುದಿಲ್ಲ.

ಹಾಗಾದರೆ ಗ್ಯಾಪ್ ತುಂಬುವುದು ಸುಳ್ಳೇ? ಸುಳ್ಳಲ್ಲ, ಬಹಳ ಸಲ ತುಂಬುತ್ತದೆ. ತೊಂದರೆ ಇರುವುದೂ ಇಲ್ಲೇ. ಒಂದು ನಾಣ್ಯ ಚಿಮ್ಮಿ. ಹೆಡ್ ಬಿದ್ದರೆ ಒಂದು ಪಾಯಿಂಟ್ ಮೇಲೆ, ಟೇಲ್ ಬಿದ್ದರೆ ಕೆಳಗೆ. ಹತ್ತು ಚಿಮ್ಮುಗಳಿಗೆ ಒಂದು ಕ್ಯಾಂಡಲ್ ಬರೆಯುತ್ತಾ ಹೋಗಿ. ಯಾವ ಬ್ಯಾಂಕೂ ಕಾಲಿಡದ ಈ ಚಾರ್ಟಿನಲ್ಲೂ ಗ್ಯಾಪುಗಳು ಮೂಡುತ್ತವೆ, ಆರ್ಡರ್ ಬ್ಲಾಕುಗಳು ಕಾಣುತ್ತವೆ. ಸಾಕಷ್ಟು ಹೊತ್ತು ಕೊಟ್ಟರೆ ಗ್ಯಾಪುಗಳು ತುಂಬುವುದೂ ಖಚಿತ, ಅದು ಗಣಿತದ ನಿಯಮ. ಆದ್ದರಿಂದ 'ನೂರರಲ್ಲಿ ಎಪ್ಪತ್ತು ಗ್ಯಾಪ್ ತುಂಬಿತು' ಎಂದು ಯಾರಾದರೂ ಹೇಳಿದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ನಾಣ್ಯದ ಚಾರ್ಟಿಗಿಂತ ಎಷ್ಟು ಹೆಚ್ಚು ತುಂಬಿತು, ತುಂಬಿದ ಮೇಲೆ ಎಷ್ಟು ದೂರ ಏರಿತು ಎಂದು ಕೇಳಬೇಕು.

ನಮ್ಮ ಉದಾಹರಣೆಯಲ್ಲೇ ಲೆಕ್ಕ ಹಾಕೋಣ. ಬೆಲೆ ಗ್ಯಾಪಿನ ಮೇಲಂಚಿಗೆ, ಅಂದರೆ 24,060ಕ್ಕೆ ಇಳಿದಾಗ ಕೊಂಡಿರಿ. ಆರ್ಡರ್ ಬ್ಲಾಕ್‌ನ ಕೆಳಗೆ 23,990ರಲ್ಲಿ ಸ್ಟಾಪ್‌ಲಾಸ್, 24,200ರಲ್ಲಿ ಟಾರ್ಗೆಟ್. ಸೋತರೆ 70 ಪಾಯಿಂಟ್, ಗೆದ್ದರೆ 140. 'ಒಂದಕ್ಕೆರಡು' ಕೇಳಲು ಚೆನ್ನ. ಆದರೆ ಯಾವ ಜ್ಞಾನವೂ ಇಲ್ಲದೆ ಎಲ್ಲೋ ಕೊಂಡು ಇದೇ ದೂರಗಳನ್ನಿಟ್ಟರೂ ಮೂರರಲ್ಲಿ ಒಂದು ಸಲ ಗೆಲುವು ಬರುತ್ತದೆ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಬ್ರೋಕರೇಜು, ತೆರಿಗೆ, ಜಾರಿದ ಬೆಲೆ ಎಲ್ಲ ಸೇರಿ ಪ್ರತಿ ವಹಿವಾಟಿಗೆ 5 ಪಾಯಿಂಟ್ ಖರ್ಚು ಎಂದುಕೊಂಡರೆ ಅಸಲು ಉಳಿಯಲೇ ನೂರರಲ್ಲಿ ಸುಮಾರು 36 ಗೆಲ್ಲಬೇಕು. ಇನ್ನೊಂದು ವಿಷಯ: ಏನೂ ಗೊತ್ತಿಲ್ಲದ ನೂರು ಜನ ಇಂಥ 30 ವಹಿವಾಟು ಮಾಡಿದರೆ ಬರೀ ಅದೃಷ್ಟದಿಂದಲೇ ಸುಮಾರು 9 ಜನ 14 ಅಥವಾ ಹೆಚ್ಚು ಗೆಲ್ಲುತ್ತಾರೆ. ವಿಡಿಯೊ ಮಾಡುವವರು ಆ ಒಂಬತ್ತು ಮಂದಿ.

ಈ ವಿಧಾನದಲ್ಲಿ ನಿಜದ ಎಳೆ ಇಲ್ಲವೇ ಇಲ್ಲ ಎನ್ನಲಾರೆ. ನ್ಯೂಯಾರ್ಕ್ ಫೆಡರಲ್ ರಿಸರ್ವ್‌ನಲ್ಲಿದ್ದ ಅರ್ಥಶಾಸ್ತ್ರಜ್ಞೆ ಕ್ಯಾರಲ್ ಓಸ್ಲರ್ ಕರೆನ್ಸಿ ಪೇಟೆಯ ನಿಜವಾದ ಗ್ರಾಹಕ ಆರ್ಡರುಗಳನ್ನೇ ಪರಿಶೀಲಿಸಿದರು. ಸ್ಟಾಪ್‌ಲಾಸುಗಳೂ ಲಾಭ ಪಡೆಯುವ ಆರ್ಡರುಗಳೂ ಪೂರ್ಣಾಂಕಗಳ ಆಸುಪಾಸಿನಲ್ಲಿ ಗುಂಪುಗೂಡುತ್ತವೆ ಎಂದು 2003ರಲ್ಲಿ ಪ್ರಕಟಿಸಿದರು. ಅಂಥ ಗುಂಪಿಗೆ ಬೆಲೆ ತಾಗಿದಾಗ ಚಲನೆ ಬದಲಾಗುತ್ತದೆ. ಆದರೆ ಅವರು ನೋಡಿದ್ದು ಆರ್ಡರ್ ಪುಸ್ತಕ. ಕ್ಯಾಂಡಲ್ ನೋಡಿ ಪೆಟ್ಟಿಗೆ ಬರೆದವರ ಕೈಯಲ್ಲಿ ಆ ಪುಸ್ತಕ ಇಲ್ಲ.

ಪರೀಕ್ಷಿಸುವುದೂ ಸುಲಭವಲ್ಲ, ಏಕೆಂದರೆ ನಿಯಮ ಜಾರುತ್ತದೆ. ಜಿಗಿತ ಎಷ್ಟಿದ್ದರೆ ಸಾಕು, ಎಷ್ಟು ಹಳೆಯ ಬ್ಲಾಕ್ ಲೆಕ್ಕಕ್ಕೆ ಬರುತ್ತದೆ ಎಂಬುದು ಗುರುವಿನಿಂದ ಗುರುವಿಗೆ ಬೇರೆ. ಬೆಲೆ ಬ್ಲಾಕನ್ನು ಸೀಳಿಕೊಂಡು ಹೋದರೆ ಅದೇ ಈಗ 'ಬ್ರೇಕರ್ ಬ್ಲಾಕ್'. ಸೋತ ಭವಿಷ್ಯವಾಣಿಗೂ ಹೆಸರು ಸಿದ್ಧವಿರುವಾಗ ಅದು ಸೋಲುವುದೆಲ್ಲಿ?

ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕದಂತೆ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಒ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅವರಲ್ಲಿ ಯಾರು ಯಾವ ವಿಧಾನ ಬಳಸಿದರು ಎಂದು ಈ ಲೆಕ್ಕ ಹೇಳುವುದಿಲ್ಲ. ಕಲಿಯುವ ಆಸೆಯಿದ್ದರೆ ಮೊದಲು ನಿಯಮವನ್ನು ಕಾಗದದ ಮೇಲೆ ಬರೆದು, ಮುಂದೆ ಬರುವ 200 ಸಂದರ್ಭಗಳನ್ನು ಹಣ ಹಾಕದೆ ಗುರುತು ಹಾಕಿಕೊಳ್ಳಿ, ಖರ್ಚು ಕಳೆದು ಕೂಡಿಸಿ. ಕೋರ್ಸಿನ ಶುಲ್ಕ ಕಟ್ಟುವ ಯೋಚನೆ ಆಮೇಲಿರಲಿ.